ಕೊರೊಪ್ಲೆತ್ ನಕ್ಷೆ: ಜತ್ತ ಗಡಿಯ ಸಾಕ್ಷರತೆ

1. ಕೊರೊಪ್ಲೆತ್: ಪ್ರದೇಶವಾರು ದರವನ್ನು ಬಣ್ಣದ ಛಾಯೆಗಳಲ್ಲಿ ತೋರಿಸುವ ನಕ್ಷೆ. ಸಾಕ್ಷರರ ಒಟ್ಟು ಸಂಖ್ಯೆಗೆ ಇದು ಸಲ್ಲದು. ಸಾಕ್ಷರತಾ ದರ ಲೆಕ್ಕಿಸುವುದು 7 ವರ್ಷ ಮತ್ತು ಮೇಲ್ಪಟ್ಟವರಲ್ಲಿ.

2. 2011ರ ಜನಗಣತಿ (ಶೇ.): ವಿಜಯಪುರ 67.15, ಬಾಗಲಕೋಟೆ 68.82, ಬೆಳಗಾವಿ 73.48, ಸೊಲ್ಲಾಪುರ 77.02, ಸಾಂಗ್ಲಿ 81.48, ಕೊಲ್ಹಾಪುರ 81.51.

3. ಮೂರು ವರ್ಗ ಮಾಡಿದಾಗ:
- ಸಮಾನ ಅಂತರ: (81.51 − 67.15) ÷ 3 = 4.79, ಗಡಿಗಳು 71.94, 76.72. ಮಹಾರಾಷ್ಟ್ರದ ಮೂರೂ ಜಿಲ್ಲೆಗಳಿಗೆ ಗಾಢ ಬಣ್ಣ. ರಾಜ್ಯದ ಗಡಿಯೇ ಸಾಕ್ಷರತೆಯ ಗಡಿಯಂತೆ ಕಾಣುತ್ತದೆ.
- ಸಮಾನ ಸಂಖ್ಯೆ (ವರ್ಗಕ್ಕೆ ಎರಡು ಜಿಲ್ಲೆ): ಸೊಲ್ಲಾಪುರ ಕೆಳಗಿಳಿದು ಬೆಳಗಾವಿಯ ಬಣ್ಣಕ್ಕೆ ಸೇರುತ್ತದೆ, ಬಣ್ಣಗಳು ಈಗ ರಾಜ್ಯವಾರು ಬೇರ್ಪಡುವುದಿಲ್ಲ.

ಅಂಕಿ ಒಂದೂ ಬದಲಾಗಿಲ್ಲ, ಗಮನಿಸಿ.

4. ಗೊಂದಲದ ಅಂಶ: ಸಾಂಗ್ಲಿಯ ಬಣ್ಣ ಜಿಲ್ಲೆಯ ಸರಾಸರಿ, ಜತ್ತ ತಾಲ್ಲೂಕಿನದ್ದಲ್ಲ. ಜತ್ತದ ದರ ಬೇಕಿದ್ದರೆ ತಾಲ್ಲೂಕುವಾರು ನಕ್ಷೆಯನ್ನೇ ಮಾಡಬೇಕು.

5. ನಕ್ಷೆಯ ಪ್ರಶ್ನೆಗೆ ಉತ್ತರಿಸುವ ಮುನ್ನ ಸೂಚಿಯಲ್ಲಿನ ವರ್ಗಗಡಿಗಳನ್ನು ಓದಿ.