ಇನ್ನೂರು ದಾಟಿದ ನಾಲ್ಕು ಯೂನಿಟ್

ಬೇಸಿಗೆ ಬಂತೆಂದರೆ ನನ್ನ ಮೊಬೈಲಿಗೆ ಕರೆಂಟ್ ಬಿಲ್ಲಿನ ಫೋಟೊಗಳು ಬರತೊಡಗುತ್ತವೆ. ಜೊತೆಗೊಂದು ಪ್ರಶ್ನೆ: “ಸಾರ್, ಸ್ಲ್ಯಾಬ್ ತಪ್ಪು ಹಾಕಿದಾರಾ ನೋಡಿ.” ಕೇಳುವವರಲ್ಲಿ ಹೆಚ್ಚಿನವರು ಅಷ್ಟರಲ್ಲಾಗಲೇ ದುಡ್ಡು ಕಟ್ಟಿರುತ್ತಾರೆ. ಕಚೇರಿಯ ಕೌಂಟರಿನಲ್ಲಿ ನಿಂತು ವಿಚಾರಿಸುವ ಧೈರ್ಯ ಆಗಿರುವುದಿಲ್ಲ. ಕೆಲವರಂತೂ “ಕಡಿಮೆ ಮಾಡಿಸಿಕೊಡ್ತೀನಿ” ಎಂದವನ ಕೈಗೆ ಐನೂರು ರೂಪಾಯಿ ಕೊಟ್ಟೂ ಬಂದಿರುತ್ತಾರೆ.

ಮೊದಲು ಸ್ಲ್ಯಾಬಿನ ವಿಷಯ ಮುಗಿಸೋಣ. 2023ರ ದರ ಆದೇಶದಲ್ಲಿ ಕರ್ನಾಟಕದ ಮನೆ ಬಳಕೆಗೆ ಎರಡೇ ಸ್ಲ್ಯಾಬ್ ಇದ್ದವು. ನೂರು ಯೂನಿಟ್‌ವರೆಗೆ 4.75 ರೂಪಾಯಿ, ನೂರು ದಾಟಿದರೆ ಮೊದಲ ಯೂನಿಟ್‌ನಿಂದಲೇ 7 ರೂಪಾಯಿ. 2024ರ ಏಪ್ರಿಲ್‌ನಿಂದ ಸ್ಲ್ಯಾಬ್ ಹೋಗಿ, ಎಲ್ಲ ಯೂನಿಟ್‌ಗೂ ಒಂದೇ ದರ ಬಂತು. ಅದು ಆ ವರ್ಷ 5.90 ಇತ್ತು, 2025ರ ಏಪ್ರಿಲ್‌ನಿಂದ 5.80 ಆಯಿತು. ಹಾಗಾಗಿ 2025ರ ಮನೆ ಬಿಲ್ ತೋರಿಸಿ “ಸ್ಲ್ಯಾಬ್ ಬದಲಾಯಿಸಿಕೊಡ್ತೀನಿ” ಎನ್ನುವವನು ಇಲ್ಲದ ವಸ್ತುವನ್ನು ನಿಮಗೆ ಮಾರುತ್ತಿದ್ದಾನೆ.

ದರದಲ್ಲಿ ಮೆಟ್ಟಿಲು ಇಲ್ಲದಿದ್ದರೂ ಗೃಹಜ್ಯೋತಿಯಲ್ಲಿ ದೊಡ್ಡದೊಂದು ಪ್ರಪಾತ ಇದೆ. ನನ್ನ ಕಕ್ಷಿದಾರರು ದುಡ್ಡು ಕಳೆದುಕೊಳ್ಳುವುದು ಅಲ್ಲಿಯೇ. ಬಟ್ಟೆ ಹೊಲಿದು ಸಂಸಾರ ನಡೆಸುವ ಒಬ್ಬರು ಕಳಿಸಿದ, 2025ರ ಮೇ ತಿಂಗಳ ಬಿಲ್ಲನ್ನೇ ತೆಗೆದುಕೊಳ್ಳಿ. 2022-23ರಲ್ಲಿ ಆ ಮನೆಯ ಸರಾಸರಿ ಬಳಕೆ ತಿಂಗಳಿಗೆ 150 ಯೂನಿಟ್. ಅದರ ಮೇಲೆ ಶೇ. 10 ಸೇರಿ 165 ಯೂನಿಟ್ ಉಚಿತ. 165ರೊಳಗೆ ಇದ್ದರೆ ಬಿಲ್ ಸೊನ್ನೆ. 165 ದಾಟಿ 200ರೊಳಗೆ ಇದ್ದರೆ ಹೆಚ್ಚಾದ ಯೂನಿಟ್‌ಗೆ ಮಾತ್ರ ಹಣ. 200 ದಾಟಿದರೆ ಆ ತಿಂಗಳು ಯೋಜನೆಯೇ ಅನ್ವಯಿಸುವುದಿಲ್ಲ, ಪೂರ್ತಿ ಬಿಲ್ ಕಟ್ಟಬೇಕು. ಅವರ ಮೀಟರ್ 204 ತೋರಿಸಿತ್ತು.

ಮಂಜೂರಾದ ಲೋಡ್ 3 ಕಿಲೋವ್ಯಾಟ್. ಕಿಲೋವ್ಯಾಟ್‌ಗೆ 145ರಂತೆ ನಿಗದಿತ ಶುಲ್ಕ 435 ರೂಪಾಯಿ. 204 ಯೂನಿಟ್‌ಗೆ 5.80ರಂತೆ 1,183. ಪಿಂಚಣಿ ಮತ್ತು ಗ್ರಾಚ್ಯುಟಿ ಸರ್‌ಚಾರ್ಜ್ ಯೂನಿಟ್‌ಗೆ 36 ಪೈಸೆ, ಅದು 73. ವಿದ್ಯುತ್ ಶುಲ್ಕದ ಮೇಲೆ ಶೇ. 9 ತೆರಿಗೆ, ಸುಮಾರು 106. ಒಟ್ಟು ಹತ್ತಿರ ಹತ್ತಿರ 1,800. ಇಂಧನ ವೆಚ್ಚದ ಹೊಂದಾಣಿಕೆ ತಿಂಗಳಿಗೊಂದು ಬಗೆ ಏರಿಳಿಯುವುದರಿಂದ ಅದನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಇದೇ ಮನೆ ಸರಿಯಾಗಿ 200ಕ್ಕೆ ನಿಂತಿದ್ದರೆ ಹೆಚ್ಚಿನ 35 ಯೂನಿಟ್‌ಗೆ ಸುಮಾರು 235 ರೂಪಾಯಿ ಆಗುತ್ತಿತ್ತು. ಕೊನೆಯ ನಾಲ್ಕು ಯೂನಿಟ್‌ಗೆ ಅವರು ತೆತ್ತದ್ದು ಒಂದೂವರೆ ಸಾವಿರಕ್ಕೂ ಹೆಚ್ಚು.

ಇಷ್ಟಾದ ಮೇಲೆ ಫೋಟೊ ದೊಡ್ಡದು ಮಾಡಿ ದಿನಾಂಕ ನೋಡಿದೆ. ಹಿಂದಿನ ರೀಡಿಂಗ್‌ಗೂ ಈ ಸಲದ ರೀಡಿಂಗ್‌ಗೂ ನಡುವೆ 33 ದಿನ. ಮೀಟರ್ ರೀಡರ್ ತಡವಾಗಿ ಬಂದಿದ್ದ. 204ನ್ನು 33ರಿಂದ ಭಾಗಿಸಿದರೆ ದಿನಕ್ಕೆ 6.18, ಮೂವತ್ತು ದಿನಕ್ಕೆ 185. ಮನೆಯವರ ಬಳಕೆ 200 ದಾಟಿಯೇ ಇರಲಿಲ್ಲ. ತಡ ಮಾಡಿದ್ದು ಇಲಾಖೆ, ದುಡ್ಡು ಹೋದದ್ದು ಹೊಲಿಗೆಯವರದು. ಇದನ್ನು ಕಂಡಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಅದಕ್ಕೇ ಬಿಲ್ ಬಂದ ದಿನವೇ ಫೋಟೊ ತೆಗೆದಿಡಿ ಎನ್ನುವುದು. ಆ ಕಾಗದದ ಅಕ್ಷರ ಕೆಲವು ತಿಂಗಳಲ್ಲಿ ಅಳಿಸಿಹೋಗುತ್ತದೆ. ದರಕ್ಕಿಂತ ಮೊದಲು ಎರಡು ದಿನಾಂಕ ನೋಡಿ.

ದಿನ ಹೆಚ್ಚಾಗಿದ್ದರೆ ಉಪವಿಭಾಗ ಕಚೇರಿಗೆ ಅರ್ಜಿ ಬರೆಯಿರಿ. ಆರ್.ಆರ್. ನಂಬರ್, ಎರಡೂ ದಿನಾಂಕ, ದಿನದ ಸರಾಸರಿ ಹಾಕಿ, 200ರ ಮಿತಿಯನ್ನೂ ದಿನಗಳ ಲೆಕ್ಕದಲ್ಲೇ ಹಿಡಿದು ಬಿಲ್ ಪರಿಷ್ಕರಿಸಬೇಕೆಂದು ಕೇಳಿ. ಬಾಯಿಮಾತಿನಲ್ಲಿ ಹೇಳಿ ಬಂದರೆ ಹೇಳಿದ್ದಕ್ಕೆ ಸಾಕ್ಷಿ ಇರುವುದಿಲ್ಲ. ನಕಲಿನ ಮೇಲೆ ಸೀಲು, ಸಹಿ ಹಾಕಿಸಿಕೊಳ್ಳಿ. ಕೊಡದಿದ್ದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. 1912ಕ್ಕೆ ಕರೆ ಮಾಡಿ ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಉತ್ತರ ಬಾರದಿದ್ದರೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ, ಅದರ ಮೇಲೆ ಒಂಬುಡ್ಸ್‌ಮನ್ ಇದ್ದಾರೆ. ಆದರೆ ಮೂವತ್ತೇ ದಿನದಲ್ಲಿ 204 ಬಂದಿದ್ದು, ಮೀಟರೂ ಸರಿಯಿದ್ದರೆ ಜಗಳ ಬೇಡ. ಆ ಬಿಲ್ ಕಟ್ಟಲೇಬೇಕು.

ಮೀಟರೇ ಜೋರಾಗಿ ಓಡುತ್ತಿದೆ ಎಂಬ ಅನುಮಾನ ಬೇರೆ ವಿಷಯ. ಗ್ರಾಹಕರ ಹಕ್ಕುಗಳ ನಿಯಮಗಳಿಗೆ 2024ರಲ್ಲಿ ಬಂದ ತಿದ್ದುಪಡಿಯ ಪ್ರಕಾರ, ರೀಡಿಂಗ್ ಬಗ್ಗೆ ದೂರು ಕೊಟ್ಟ ಐದು ದಿನದೊಳಗೆ ಹೆಚ್ಚುವರಿ ಮೀಟರ್ ಹಾಕಿ ಕನಿಷ್ಠ ಮೂರು ತಿಂಗಳು ತಾಳೆ ನೋಡಬೇಕು. ಕೇಳಿದವರಿಗೆ “ಅಂಥದ್ದೇನೂ ಇಲ್ಲ” ಎನ್ನುವ ಸಿಬ್ಬಂದಿ ಇದ್ದಾರೆ. ಅರ್ಜಿಯಲ್ಲಿ ನಿಯಮದ ಹೆಸರನ್ನೇ ಬರೆಯಿರಿ. ಮೀಟರ್ ನಿಧಾನ ಮಾಡಿಕೊಡುತ್ತೇನೆ ಎಂದು ಬರುವವನನ್ನು ಮಾತ್ರ ಹೊಸಿಲು ದಾಟಿಸಬೇಡಿ. ಅದು ವಿದ್ಯುತ್ ಕಾಯ್ದೆಯ 135ನೇ ಕಲಂ ಪ್ರಕಾರ ಕಳ್ಳತನ, ಮೂರು ವರ್ಷದವರೆಗೆ ಜೈಲು. ಅವನು ದುಡ್ಡು ತೆಗೆದುಕೊಂಡು ಹೋಗುತ್ತಾನೆ, ಕೇಸು ನಿಮ್ಮ ಮೇಲೆ ಬೀಳುತ್ತದೆ.

ಇನ್ನು ಯೂನಿಟ್ ಇಳಿಸುವುದು. ಆ ಮನೆಯ 185 ಯೂನಿಟ್‌ನ ಲೆಕ್ಕವನ್ನು ಅವರೊಂದಿಗೆ ಕೂತು ಹಾಕಿದೆವು. 75 ವ್ಯಾಟ್‌ನ ಮೂರು ಹಳೆಯ ಫ್ಯಾನು ದಿನಕ್ಕೆ ಒಂಬತ್ತು ಗಂಟೆ ತಿರುಗಿದರೆ 61. ಎರಡು ಕಿಲೋವ್ಯಾಟ್ ಗೀಸರ್ ದಿನಕ್ಕೆ ಮುಕ್ಕಾಲು ಗಂಟೆಯಂತೆ 45. ಫ್ರಿಜ್ ಸುಮಾರು 36. ಉಳಿದದ್ದು ಟಿವಿ, ದೀಪ, ನೀರಿನ ಮೋಟರ್, ಹೊಲಿಗೆ ಯಂತ್ರ, ಇಸ್ತ್ರಿ. ದೀಪ ಆರಿಸಿ ಆರಿಸಿ ಎಂದು ಮಕ್ಕಳನ್ನು ಗದರುತ್ತಿದ್ದ ಮನೆ ಅದು. ಆದರೆ ಹೆಚ್ಚಿನ ಯೂನಿಟ್ ಹೋಗುತ್ತಿದ್ದದ್ದು ಬಚ್ಚಲುಮನೆಯಲ್ಲಿ ಮತ್ತು ಸೂರಿನಲ್ಲಿ. ಎಲ್ಲರೂ ಬೆನ್ನುಬೆನ್ನಿಗೆ ಸ್ನಾನ ಮಾಡಿ ಗೀಸರನ್ನು 25 ನಿಮಿಷಕ್ಕೆ ಇಳಿಸಿದರೆ 20 ಯೂನಿಟ್ ಉಳಿಯುತ್ತದೆ. ಹೆಚ್ಚು ತಿರುಗುವ ಎರಡು ಫ್ಯಾನ್‌ಗಳನ್ನು 30 ವ್ಯಾಟ್‌ನ ಬಿಎಲ್‌ಡಿಸಿ ಫ್ಯಾನ್‌ಗೆ ಬದಲಾಯಿಸಿದರೆ ಇನ್ನೂ 24. ಒಟ್ಟು ಬಳಕೆ 141ಕ್ಕೆ ಬರುತ್ತದೆ. ರೀಡರ್ ಮತ್ತೆ 33ನೇ ದಿನ ಬಂದರೂ 155, ಉಚಿತದ 165ರೊಳಗೇ. ಫ್ಯಾನಿಗೆ ಈಗ ದುಡ್ಡಿಲ್ಲವೆಂದರೆ ಗೀಸರ್ ಒಂದರಿಂದಲೇ 33 ದಿನಕ್ಕೂ 200ರೊಳಗೆ ಉಳಿಯಬಹುದು.

ಬಿಲ್ ಬಂದ ಹದಿನೈದನೇ ದಿನ ಮೀಟರ್ ನೋಡಿ. ಪರದೆಯಲ್ಲಿ ಅಂಕಿಗಳು ಒಂದಾದ ಮೇಲೊಂದು ಬರುತ್ತವೆ. kWh ಎಂದಿರುವುದನ್ನೇ ಬರೆದುಕೊಳ್ಳಿ, kW ಎಂದಿರುವುದು ಬೇರೆ. ಅದರಿಂದ ಬಿಲ್ಲಿನ ರೀಡಿಂಗ್ ಕಳೆದಾಗ ವ್ಯತ್ಯಾಸ 95 ದಾಟಿದ್ದರೆ ಉಳಿದ ದಿನಗಳಲ್ಲಿ ಕೈ ಬಿಗಿ ಹಿಡಿಯಬೇಕು. ಮನೆಗೆ ಬೀಗ ಹಾಕಿ ಊರಿಗೆ ಹೋಗುವವರು ಗಮನಿಸಿ: ರೀಡರ್ ಎರಡು ಸಲ ಸತತವಾಗಿ ಬಾಗಿಲು ಮುಚ್ಚಿದ್ದು ಕಂಡರೆ, ರೀಡಿಂಗ್ ಮತ್ತು ದಿನಾಂಕ ಕಾಣುವ ಮೀಟರ್ ಫೋಟೊವನ್ನು ನೋಂದಾಯಿತ ಮೊಬೈಲಿನಿಂದ ಕಳಿಸುವ ಹಕ್ಕು ನಿಮಗಿದೆ.

ಅರ್ಜಿ ಕೊಟ್ಟ ಮೇಲೆ ಕೌಂಟರಿನಲ್ಲಿ “ಮೊದಲು ಪೂರ್ತಿ ಕಟ್ಟಿ, ಆಮೇಲೆ ನೋಡೋಣ, ಇಲ್ಲಾಂದ್ರೆ ಫ್ಯೂಸ್ ಕೀಳ್ತೀವಿ” ಎನ್ನುತ್ತಾರೆ. ವಿದ್ಯುತ್ ಕಾಯ್ದೆಯ 56ನೇ ಕಲಂ ಹಾಗೆ ಹೇಳುವುದಿಲ್ಲ. ಲಿಖಿತ ನೋಟಿಸ್ ಕೊಟ್ಟು ಪೂರ್ತಿ ಹದಿನೈದು ದಿನ ಕಾಯದೆ ಸಂಪರ್ಕ ಕಡಿಯುವಂತಿಲ್ಲ. ಬಿಲ್ಲಿನ ಬಗ್ಗೆ ತಕರಾರಿದ್ದರೆ ಕೇಳಿದ ಮೊತ್ತ, ಇಲ್ಲವೇ ಹಿಂದಿನ ಆರು ತಿಂಗಳು ಕಟ್ಟಿದ್ದರ ಸರಾಸರಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು ಕಟ್ಟಿದರೆ ತಕರಾರು ತೀರುವವರೆಗೆ ಕಡಿಯುವಂತಿಲ್ಲ. ಆದರೆ ಸುಮ್ಮನೆ ಕಟ್ಟಿದರೆ ಬಿಲ್ ಒಪ್ಪಿಕೊಂಡಂತೆ ಅವರು ವಾದಿಸುತ್ತಾರೆ. “ಆಕ್ಷೇಪಣೆಗೆ ಒಳಪಟ್ಟು ಪಾವತಿಸಿದ್ದೇನೆ” ಎಂದು ಪತ್ರದಲ್ಲಿ ಬರೆದು, ಅದಕ್ಕೂ ಸೀಲು ಹಾಕಿಸಿಕೊಂಡೇ ರಸೀದಿ ತೆಗೆದುಕೊಳ್ಳಿ.