ವಾರದ ಹಾಜರಿ ಮತ್ತು ಬಟವಾಡೆ ಪುಸ್ತಕ: ಮಾಡಬೇಕಾದ್ದು, ಮಾಡಬಾರದ್ದು

ನಮ್ಮ ಎಲ್ಲ ಸೈಟ್ ಸೂಪರ್‌ವೈಸರ್‌ಗಳ ಗಮನಕ್ಕೆ.

ಮೂವತ್ತು ನಲವತ್ತರ ಸೈಟಿನಲ್ಲಿ ಏಳುವ ಒಂದು ಮನೆಗೆ ದಿನಕ್ಕೆ ಆರು ಜನರಿಂದ ಹತ್ತು ಜನ ಬರುತ್ತಾರೆ. ಮೋಲ್ಡ್ ಹಾಕುವ ದಿನ ಇಪ್ಪತ್ತು ದಾಟುತ್ತದೆ. ಜನ ಕಡಿಮೆ, ಎಲ್ಲರ ಮುಖವೂ ಗೊತ್ತು ಎಂದು ಹಾಜರಿಯನ್ನು ತಲೆಯಲ್ಲೇ ಇಟ್ಟುಕೊಂಡು ಶನಿವಾರ ಸಂಜೆ ಬರೆಯುವ ರೂಢಿ ಹಲವು ಸೈಟುಗಳಲ್ಲಿದೆ. ಅದನ್ನು ಈ ವಾರದಿಂದಲೇ ನಿಲ್ಲಿಸಿ. ಶನಿವಾರದ ಹೊತ್ತಿಗೆ ಪೂರ್ತಿ ದಿನಗಳು ನೆನಪಿರುತ್ತವೆ. ಅರ್ಧ ದಿನ, ಹೆಚ್ಚಿನ ಗಂಟೆ, ನಡುವೆ ಕೊಟ್ಟ ಮುಂಗಡ ನೆನಪಿರುವುದಿಲ್ಲ. ಬಟವಾಡೆಯ ಜಗಳಗಳೆಲ್ಲ ಹುಟ್ಟುವುದು ಈ ಮೂರರಲ್ಲೇ.

ಪುಸ್ತಕ

ಹೊಲಿಗೆ ಹಾಕಿದ ಉದ್ದ ಪುಸ್ತಕವನ್ನೇ ಬಳಸಿ. ಮೊದಲ ದಿನವೇ ಎಲ್ಲ ಪುಟಗಳಿಗೂ ನಂಬರ್ ಹಾಕಿ. ಬಿಡಿ ಹಾಳೆ, ಸಿಮೆಂಟ್ ಚೀಲದ ಚೂರು, ಅಂಗೈ, ಇವುಗಳ ಮೇಲೆ ಬರೆದುಕೊಂಡು ಆಮೇಲೆ ಪುಸ್ತಕಕ್ಕೆ ಏರಿಸುವುದು ಬೇಡ. ಪೆನ್ಸಿಲ್ ಬೇಡ, ವೈಟ್ನರ್ ಕೂಡದು. ತಪ್ಪಾದರೆ ಒಂದೇ ಗೆರೆ ಎಳೆದು, ಹಳೆಯ ಅಂಕಿ ಕಾಣುವಂತೆ ಬಿಟ್ಟು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ಸಹಿ ಹಾಕಿ.

ಒಬ್ಬರಿಗೆ ಒಂದು ಸಾಲು. ಹೆಸರು, ಕೆಲಸ, ದಿನದ ಕೂಲಿ, ಸೋಮವಾರದಿಂದ ಶನಿವಾರದವರೆಗೆ ಆರು ಮನೆ, ಒಟ್ಟು ದಿನ, ಹೆಚ್ಚಿನ ಗಂಟೆ, ಒಟ್ಟು ಕೂಲಿ, ಈ ವಾರ ಕೊಟ್ಟ ಖರ್ಚಿ, ಹಳೆ ಮುಂಗಡದ ಕಡಿತ, ಕೈಗೆ ಕೊಟ್ಟದ್ದು, ಉಳಿದ ಮುಂಗಡ, ಸಹಿ. ಎರಡು ಪುಟ ಸೇರಿಸಿ ಗೆರೆ ಹಾಕಿದರೆ ಇಷ್ಟೂ ಹಿಡಿಸುತ್ತದೆ.

ಹಾಜರಿ ಹಾಕುವಾಗ

ನಮ್ಮ ಸೈಟಿನ ಹೊತ್ತು ಬೆಳಿಗ್ಗೆ 9ರಿಂದ ಸಂಜೆ 6, ನಡುವೆ ಊಟಕ್ಕೆ ಒಂದು ಗಂಟೆ. ಹಾಜರಿ ದಿನಕ್ಕೆ ಎರಡು ಸಲ. ಬೆಳಿಗ್ಗೆ ಕೆಲಸ ಶುರುವಾದ ಅರ್ಧ ಗಂಟೆಯೊಳಗೆ ಓರೆಯಾಗಿ ಒಂದು ಗೆರೆ, ಊಟವಾಗಿ ಕೆಲಸಕ್ಕೆ ಇಳಿದ ಮೇಲೆ ಅದಕ್ಕೆ ಅಡ್ಡಲಾಗಿ ಇನ್ನೊಂದು. ಎರಡೂ ಸೇರಿದರೆ ಪೂರ್ತಿ ದಿನ. ಈ ಪದ್ಧತಿ ಹಳೆಯದು, ಚೆನ್ನಾಗಿಯೂ ಇದೆ. ಆದರೆ ಇದರಲ್ಲಿ ಒಂದು ತೂತಿದೆ. ಒಂಟಿ ಗೆರೆಗೆ ಯಾರು ಯಾವಾಗ ಬೇಕಾದರೂ ಇನ್ನೊಂದು ಸೇರಿಸಬಹುದು. ಆದ್ದರಿಂದ ಸಂಜೆ ಕೆಲಸ ಬಿಡುವ ಮುಂಚೆ ಅದೇ ಮನೆಯೊಳಗೆ ಗಂಟೆಯನ್ನು ಅಂಕಿಯಲ್ಲಿ ಬರೆಯಿರಿ: 4, 8, ಅಥವಾ ಹೆಚ್ಚು ಹೊತ್ತು ಮಾಡಿದ್ದರೆ 8+3. ಬಾರದವರ ಮನೆಯನ್ನು ಖಾಲಿ ಬಿಡಬೇಡಿ, ಸೊನ್ನೆ ಹಾಕಿ.

ಪ್ರತಿ ದಿನದ ಕಂಬದ ಕೆಳಗೆ ಅಂದಿನ ಒಟ್ಟು ಜನ ಬರೆಯಿರಿ. ಗಾರೆಯವರು ಎಷ್ಟು, ಹೆಲ್ಪರ್‌ಗಳು ಎಷ್ಟು, ನಿಮ್ಮ ಸಹಿ. ಪುಟದ ಫೋಟೋ ತೆಗೆದು ಆ ರಾತ್ರಿಯೇ ಕಳಿಸಿ. ಕೆಳಗೆ "ಗಾರೆ 3, ಹೆಲ್ಪರ್ 5" ಎಂದು ಬಿದ್ದ ಮೇಲೆ ಆರನೆಯ ಹೆಲ್ಪರ್ ಶನಿವಾರ ಆ ದಿನಕ್ಕೆ ಸೇರಿಕೊಳ್ಳಲಾರ.

ಮಳೆಯ ವಿಷಯದಲ್ಲಿ ವಾದ ಬೇಡ. ಬಂದು ಕೈಗೆ ಕರಣಿ ಅಥವಾ ಬಾಂಡ್ಲಿ ಹಿಡಿದ ಮೇಲೆ ಮಳೆ ಬಂದು ಕೆಲಸ ನಿಂತರೆ ಅರ್ಧ ದಿನ ಕೊಡಲೇಬೇಕು, ಒಂದೇ ಗಂಟೆ ಮಾಡಿದ್ದರೂ ಸರಿ. ಮರಳಿನ ಲಾರಿ ಬರಲಿಲ್ಲ, ಸಿಮೆಂಟ್ ಮುಗಿಯಿತು ಎಂದು ಕೂತಿದ್ದರೂ ಅಷ್ಟೇ. ಸಾಮಾನು ತರಿಸಬೇಕಾದವರು ನಾವು. ಅದರ ನಷ್ಟವನ್ನು ಐವತ್ತು ಕಿಲೋಮೀಟರ್ ದೂರದಿಂದ ಬಸ್ಸಿನಲ್ಲಿ ಬಂದವರ ಮೇಲೆ ಹಾಕುವುದು ಅನ್ಯಾಯ.

ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಬಂದಾಗ ಗಂಡನ ಹೆಸರಿನ ಮುಂದೆ "ಜೋಡಿ" ಎಂದು ಒಂದೇ ಸಾಲು ಬರೆಯುವುದನ್ನು ಖಂಡಿತ ಮಾಡಕೂಡದು. ಆಕೆಗೆ ಆಕೆಯ ಹೆಸರಿನಲ್ಲಿ ಸಾಲು ಬೇಕು. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಣಿಯಾಗಲು ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದಕ್ಕೆ ಪ್ರಮಾಣ ಬೇಕು. ಹೆರಿಗೆಯ ನೆರವು, ಮಕ್ಕಳ ಓದಿನ ನೆರವು, ಮುಂದೆ ಪಿಂಚಣಿ, ಇವೆಲ್ಲ ಆ ನೋಂದಣಿಯ ಮೇಲೆ ನಿಂತಿವೆ. ಆಕೆ 90 ದಿನ ಇಟ್ಟಿಗೆ ಹೊತ್ತದ್ದು ನಮ್ಮ ಪುಸ್ತಕದಲ್ಲಿ ಇಲ್ಲದಿದ್ದರೆ ಪ್ರಮಾಣಪತ್ರಕ್ಕೆ ಸಹಿ ಹಾಕುವಾಗ ನಾವು ಯಾವ ಆಧಾರ ತೋರಿಸುವುದು?

ಅದೇ ಕೆಲಸಕ್ಕೆ ಅದೇ ಕೂಲಿ. ಕಲಸು ಹೊತ್ತು ಕೊಡುವ ಗಂಡಾಳಿಗೊಂದು ದರ, ಹೆಣ್ಣಾಳಿಗೊಂದು ದರ ಎಂದು ಪುಸ್ತಕದಲ್ಲಿ ಬರೆಯಕೂಡದು. ಬರೆಯದೆ ಕೊಡುವುದೂ ಕೂಡದು. ಸಮಾನ ಕೆಲಸಕ್ಕೆ ಸಮಾನ ಕೂಲಿ ಎಂಬ ಕಾನೂನು 1976ರಿಂದ ಇದೆ. 18 ತುಂಬದವರ ಹೆಸರು ಪುಸ್ತಕಕ್ಕೂ ಬರಬಾರದು, ಅವರು ಸಾರುವೆ ಹತ್ತಲೂಬಾರದು.

ಲೆಕ್ಕ ಹಾಕುವಾಗ

ಒಂದು ವಾರವನ್ನು ಪೂರ್ತಿ ನೋಡಿ. ಒಬ್ಬ ಹೆಲ್ಪರ್, ದಿನಕ್ಕೆ 700 ರೂಪಾಯಿ ಎಂದು ಇಟ್ಟುಕೊಳ್ಳಿ. ಹಳೆಯ ಮುಂಗಡ 3000 ಬಾಕಿ ಇದೆ, ವಾರಕ್ಕೆ 500 ಹಿಡಿಯುವುದೆಂದು ಮಾತಾಗಿದೆ. ಸೋಮವಾರ, ಮಂಗಳವಾರ ಪೂರ್ತಿ ಬಂದ. ಮಂಗಳವಾರ ಸಂಜೆ ಮಗುವಿಗೆ ಜ್ವರವೆಂದು 500 ಖರ್ಚಿ ಪಡೆದ. ಬುಧವಾರ ಊಟವಾದ ಮೇಲೆ ಬಂದ. ಗುರುವಾರ 11ಕ್ಕೆ ಮಳೆ ಹಿಡಿದು ಕೆಲಸ ನಿಂತಿತು. ಶುಕ್ರವಾರ ಮೋಲ್ಡ್: ಬೆಳಿಗ್ಗೆ 8ಕ್ಕೆ ಮಿಲ್ಲರ್ ಶುರು, ರಾತ್ರಿ 8ಕ್ಕೆ ಮುಗಿಯಿತು. ಶನಿವಾರ ಪೂರ್ತಿ ದಿನ.

ಮೋಲ್ಡ್ ದಿನ ಯಾರೂ 6 ಗಂಟೆಗೆ ಕೈ ತೊಳೆಯಲಾಗುವುದಿಲ್ಲ. ಹಾಕಿದ ಕಾಂಕ್ರೀಟ್ ಬಿಗಿಯಾದ ಮೇಲೆ ಪಕ್ಕಕ್ಕೆ ಹೊಸದು ಹಾಕಿದರೆ ಅಲ್ಲಿ ಜೋಡಣೆ ಬಿಟ್ಟು ಮುಂದೆ ನೀರು ಸೋರುತ್ತದೆ. ಹಾಗಾಗಿ ಆ ದಿನದ ಹೆಚ್ಚಿನ ಹೊತ್ತು ಅವರು ಇಷ್ಟಪಟ್ಟು ಆರಿಸಿಕೊಂಡದ್ದಲ್ಲ, ಕೆಲಸವೇ ಕೇಳಿದ್ದು. ಅದಕ್ಕೆ ಚಹಾ, ಬೋಂಡಾ ಕೊಟ್ಟು ಮುಗಿಸಬೇಡಿ. 12 ಗಂಟೆಯಲ್ಲಿ ಊಟದ ಒಂದು ಗಂಟೆ ಕಳೆದರೆ 11. ಎಂಟು ಗಂಟೆ ಒಂದು ದಿನ, ಉಳಿದ ಮೂರು ಹೆಚ್ಚಿನ ಗಂಟೆ. ಹೆಚ್ಚಿನ ಗಂಟೆಗೆ ಕಾನೂನಿನ ಪ್ರಕಾರ ಎರಡು ಪಟ್ಟು ದರ. 700ನ್ನು 8ರಿಂದ ಭಾಗಿಸಿದರೆ ಗಂಟೆಗೆ 87.50, ಅದರ ಎರಡು ಪಟ್ಟು 175, ಮೂರು ಗಂಟೆಗೆ 525.

ದಿನಗಳ ಲೆಕ್ಕ: ಪೂರ್ತಿ ನಾಲ್ಕು, ಅರ್ಧ ಎರಡು, ಒಟ್ಟು 5. ಐದು ದಿನಕ್ಕೆ 3500, ಅದಕ್ಕೆ 525 ಸೇರಿ 4025. ಇದು ಒಟ್ಟು ಕೂಲಿ. ಇದನ್ನು ಮೊದಲು ಬರೆಯಿರಿ, ಕಳೆಯುವುದು ಆಮೇಲೆ. ಖರ್ಚಿ 500, ಮುಂಗಡದ ಕಡಿತ 500. ಕೈಗೆ 3025. ಉಳಿದ ಮುಂಗಡ 2500.

ಇದನ್ನೇ ನೆನಪಿನಿಂದ ಬರೆದಿದ್ದರೆ ಏನಾಗುತ್ತಿತ್ತು? ಗುರುವಾರ "ಮಳೆ, ಕೆಲಸ ಇಲ್ಲ" ಎಂದು ಸೊನ್ನೆ. ಮೋಲ್ಡ್ ರಾತ್ರಿಗೆ ಅಂದಾಜಿನಲ್ಲಿ ಅರ್ಧ ಆಳು. ಆಗಲೂ ಒಟ್ಟು ಐದೇ ದಿನ, ಆದರೆ ಕೂಲಿ 3500. ಅಂಕಿ ನೋಡಲು ಸರಿಯಾಗಿಯೇ ಇದೆ, ಅವನ ದುಡಿಮೆಯಲ್ಲಿ 525 ರೂಪಾಯಿ ಹೋಗಿದೆ.

ಖರ್ಚಿ ಬೇರೆ, ಮುಂಗಡ ಬೇರೆ. ವಾರದ ನಡುವೆ ಕೊಟ್ಟದ್ದು ಆ ವಾರದ ಕೂಲಿಯಲ್ಲೇ ಮುಗಿಯುತ್ತದೆ. ಊರಿನ ಹಬ್ಬ, ಆಸ್ಪತ್ರೆ, ಮದುವೆಗೆಂದು ಕೊಟ್ಟ ದೊಡ್ಡ ಮೊತ್ತ ಕಂತಿನಲ್ಲಿ ತೀರುತ್ತದೆ. ಎರಡನ್ನೂ ಒಂದೇ ಕಂಬಕ್ಕೆ ಹಾಕಿದರೆ ನಾಲ್ಕು ವಾರದೊಳಗೆ ಎಷ್ಟು ಬಾಕಿ ಎಂದು ಕೊಟ್ಟವನಿಗೂ ಗೊತ್ತಿರುವುದಿಲ್ಲ, ತಕ್ಕೊಂಡವನಿಗೂ ಗೊತ್ತಿರುವುದಿಲ್ಲ. ಮುಂಗಡ ಕೊಟ್ಟ ದಿನವೇ ತಾರೀಕು, ಮೊತ್ತ, ಪಡೆದವರ ಸಹಿ ಆಗಬೇಕು. ಎಲ್ಲ ಕಡಿತ ಸೇರಿ ವಾರದ ಕೂಲಿಯ ಅರ್ಧ ದಾಟಬಾರದು. ಮುಂಗಡಕ್ಕೆ ಬಡ್ಡಿ ಇಲ್ಲ. ಬಾಕಿ ಇದೆಯೆಂದು ಬೇರೆ ಕಡೆ ಕೆಲಸಕ್ಕೆ ಹೋಗದಂತೆ ತಡೆಯುವುದು ಜೀತಕ್ಕೆ ಸಮ. 1976ರ ಜೀತ ನಿಷೇಧ ಕಾನೂನು ಇಂಥದ್ದಕ್ಕೇ ಇದೆ.

ಬಟವಾಡೆ ಮಾಡುವಾಗ

ಶನಿವಾರ ಕೆಲಸ ಬಿಡುವ ಹೊತ್ತಿಗೆ, ಬೆಳಕಿರುವಾಗ, ಸೈಟಿನಲ್ಲೇ ಕೊಡಿ. ಅಂಗಡಿ ಬಾಗಿಲಲ್ಲಿ, ಬಾರ್ ಪಕ್ಕದಲ್ಲಿ, ಭಾನುವಾರ ಮನೆಗೆ ಕರೆಸಿ ಕೊಡುವುದು ಬೇಡ. ಒಟ್ಟು ಕೂಲಿ, ಕಡಿತ, ಕೈಗೆ ಎಷ್ಟು, ಬಾಕಿ ಎಷ್ಟು, ಈ ನಾಲ್ಕನ್ನೂ ಗಟ್ಟಿಯಾಗಿ ಓದಿ ಹೇಳಿ. ಅವರು ಎಣಿಸಿಕೊಂಡ ಮೇಲೆ ಸಹಿ. ಖಾಲಿ ಪುಟದ ಮೇಲೆ ಮೊದಲೇ ಸಹಿ ಹಾಕಿಸಿಕೊಳ್ಳುವುದು ಮೋಸ. ಹೆಬ್ಬೆಟ್ಟು ಒತ್ತುವವರಿದ್ದರೆ ಪಕ್ಕದಲ್ಲಿ ಓದಲು ಬರುವ ಇನ್ನೊಬ್ಬ ಕೆಲಸಗಾರರ ಸಹಿ ಬೇಕು, ನಿಮ್ಮದು ಸಾಕಾಗುವುದಿಲ್ಲ. 3025 ಎಂದರೆ 3025. ಚಿಲ್ಲರೆ ಇಲ್ಲವೆಂದು 3000 ಕೊಡಬೇಡಿ, ಶುಕ್ರವಾರವೇ ನೋಟು ಮುರಿಸಿ ಇಟ್ಟುಕೊಳ್ಳಿ.

ಎಲ್ಲರ ದುಡ್ಡನ್ನೂ ಗಂಟಾಗಿ ಮೇಸ್ತ್ರಿ ಕೈಗೆ ಕೊಡಬೇಡಿ. ಹೆಂಡತಿಯ ಕೂಲಿಯನ್ನು ಗಂಡನಿಗೂ ಕೊಡಬೇಡಿ, ಆಕೆ ಎದುರಿಗೇ ನಿಂತಿರುತ್ತಾಳೆ. ಫೋನಿಗೆ ಹಾಕುವುದಾದರೆ ಅದು ಅವರದೇ ಖಾತೆಯ ನಂಬರ್ ಎಂದು ಕೇಳಿ ಖಚಿತ ಮಾಡಿಕೊಳ್ಳಿ. ದುಡ್ಡು ಬಂತೆಂದು ಅವರು ಹೇಳಿದ ಮೇಲೆ ವಹಿವಾಟಿನ ಕೊನೆಯ ನಾಲ್ಕು ಅಂಕಿಯನ್ನು ಸಹಿಯ ಪಕ್ಕ ಬರೆಯಿರಿ.

ಸೆಂಟ್ರಿಂಗ್, ಟೈಲ್ಸ್ ಹೀಗೆ ಚದರಡಿ ಗುತ್ತಿಗೆಯವರಿಗೆ ದಿನಗೂಲಿ ಲೆಕ್ಕ ಇಲ್ಲ. ಆದರೂ ಪ್ರತಿ ದಿನ ಸೈಟಿನಲ್ಲಿ ಯಾರಿದ್ದರು ಎಂದು ಪುಸ್ತಕದ ಕೊನೆಯ ಪುಟಗಳಲ್ಲಿ ಹೆಸರು ಬರೆಯಿರಿ. ಯಾರಾದರೂ ಮೇಲಿಂದ ಬಿದ್ದರೆ, ಆ ದಿನ ಅವರು ಇಲ್ಲಿ ಕೆಲಸದಲ್ಲಿದ್ದರು ಎನ್ನುವುದಕ್ಕೆ ಆ ಸಾಲು ಬೇಕಾಗುತ್ತದೆ.

ನಾವು ಹೇಗೆ ತಪಾಸಣೆ ಮಾಡುತ್ತೇವೆ

ಆರು ದಿನದ ಗೆರೆಗಳೂ ಒಂದೇ ಪೆನ್ನಿನ ಒಂದೇ ಒತ್ತಿನಲ್ಲಿ ಇದ್ದರೆ ಅದು ಒಂದೇ ಕೂತಲ್ಲಿ ಬರೆದದ್ದು. ದಿನವೂ ಬರೆದ ಪುಟದಲ್ಲಿ ಒಂದು ದಿನ ಕಲಸಿನ ಬೆರಳಚ್ಚು, ಒಂದು ದಿನ ಮಳೆ ಹನಿಯ ಕಲೆ, ಅಲ್ಲಲ್ಲಿ 4, ಅಲ್ಲಲ್ಲಿ ಸೊನ್ನೆ ಇರುತ್ತದೆ. ತಿಂಗಳಿಡೀ ಒಂದೂ ಅರ್ಧ ದಿನ ಇಲ್ಲದ ಪುಸ್ತಕವನ್ನು ನಂಬುವುದಿಲ್ಲ. ಹಾಜರಿಯನ್ನು ಸಿಮೆಂಟ್ ಸ್ಟಾಕ್ ಪುಸ್ತಕದ ಜೊತೆ ಇಟ್ಟು ನೋಡುತ್ತೇವೆ. ಗೋಡೆ ಪ್ಲಾಸ್ಟರಿಂಗ್ ನಡೆದ ದಿನ ಐದು ಗಾರೆಯವರ ಹಾಜರಿ ಇದ್ದು ಸಿಮೆಂಟ್ ಎರಡೇ ಚೀಲ ಖರ್ಚಾಗಿದ್ದರೆ ಕಾರಣ ಕೇಳುತ್ತೇವೆ. ಅದಕ್ಕೆ ನ್ಯಾಯವಾದ ಕಾರಣವೂ ಇರಬಹುದು: ಬೆಳಗ್ಗೆಲ್ಲ ಸಾರುವೆ ಕಟ್ಟಿರಬಹುದು, ಗೋಡೆ ಹ್ಯಾಕಿಂಗ್ ಮಾಡಿರಬಹುದು. ಹಾಗಿದ್ದರೆ ಅಂದೇ ಷರಾ ಬರೆದಿಡಿ.

ನಡುವೆ ಕೆಲಸ ಬಿಟ್ಟವರ, ಬಿಡಿಸಿದವರ ಬಾಕಿಯನ್ನು ಎರಡು ಕೆಲಸದ ದಿನದೊಳಗೆ ಚುಕ್ತಾ ಮಾಡಿ. ಶನಿವಾರಕ್ಕೆ ಬಾ ಎನ್ನಬೇಡಿ. ಶನಿವಾರ ರಜೆ ಹಾಕಿದವರ ಕೂಲಿಯನ್ನು "ಬಾಕಿ" ಎಂದು ಬರೆದು ಸಹಿ ಮನೆಯನ್ನು ಖಾಲಿ ಉಳಿಸಿ, ಸೋಮವಾರ ಕೊಟ್ಟ ಮೇಲೆ ತಾರೀಕು ಸಮೇತ ಸಹಿ ಹಾಕಿಸಿ. ಹೊಸ ವಾರದ ಪುಟ ತೆರೆದಾಗ ಹಾಜರಿ ಹಾಕುವ ಮೊದಲು ಪ್ರತಿಯೊಬ್ಬರ ಉಳಿದ ಮುಂಗಡವನ್ನು ಹಿಂದಿನ ಪುಟದಿಂದ ನೋಡಿ ಇಳಿಸಿಕೊಳ್ಳಿ.