ಬಗ್ಗಿ ಹೊಲಿಯುವವರ ಬೆನ್ನು

ಮದುವೆ ಸೀಸನ್ನಿನಲ್ಲಿ ಬ್ಲೌಸುಗಳ ರಾಶಿ ಬಿದ್ದಾಗ ನನ್ನ ಬೆನ್ನು ಹೆಚ್ಚು ನೋಯುತ್ತಿದ್ದುದು ಹೆಮ್ಮಿಂಗ್ ಮಾಡುವಾಗ. ಬಟ್ಟೆ ತೊಡೆಯ ಮೇಲೆ, ಕಣ್ಣು ಸೂಜಿಯ ಮೊನೆಯ ಮೇಲೆ, ತಲೆ ಎದೆಗೆ ಬಾಗಿರುತ್ತದೆ. ಸ್ವಲ್ಪ ಹೊತ್ತಿಗೆ ಭುಜದ ಎರಡು ಹಲಗೆ ಮೂಳೆಗಳ ನಡುವೆ, ಬಲಗಡೆ ಒಂದಿಷ್ಟು ಹೆಚ್ಚಾಗಿ, ಉರಿ ಶುರುವಾಗುತ್ತಿತ್ತು. ಮಗಳು ಅಲ್ಲಿ ಒತ್ತಿದರೆ ಹಾಯೆನಿಸುತ್ತಿತ್ತು. ಮರುದಿನ ಸೂಜಿ ಹಿಡಿದರೆ ಮತ್ತೆ ಅದೇ.

ಫಿಸಿಯೋಥೆರಪಿಸ್ಟ್ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, ಸೊಂಟ ತಿರುಗದಂತೆ ಮಂಡಿಗಳ ನಡುವೆ ದಿಂಬು ಅದುಮಿ ಹಿಡಿಯಲು ಹೇಳಿದರು. ಕೈಗಳನ್ನು ಎದೆಯ ಮೇಲೆ ಕತ್ತರಿಯಾಗಿ ಇಟ್ಟು ಎಡಕ್ಕೆ, ಬಲಕ್ಕೆ ತಿರುಗಿದೆ. ಎಡಕ್ಕೆ ಸಲೀಸು, ಬಲಕ್ಕೆ ಅರ್ಧದಲ್ಲೇ ತಡೆ. "ಅಕ್ಕಾ, ನೋಯುವ ಸ್ನಾಯು ಇಡೀ ದಿನ ಎಳೆದುಕೊಂಡೇ ಇದ್ದು ಸೋತಿದೆ. ಅದನ್ನು ಇನ್ನೂ ಎಳೆಯಬೇಡಿ. ಬಿಗಿದಿರೋದು ಒಳಗಿನ ಬೆನ್ನುಮೂಳೆ," ಎಂದರು. ಪಕ್ಕೆಲುಬುಗಳು ಅಂಟಿಕೊಂಡಿರುವ 12 ಮೂಳೆಗಳ ಆ ಭಾಗ ಹಿಂದಕ್ಕೆ ಬಾಗುವುದೇ ಕಡಿಮೆ. ಸದಾ ಮುಂದಕ್ಕೆ ಬಗ್ಗಿದವರಲ್ಲಿ ಅದೂ ಕುಗ್ಗುತ್ತದೆ. ಪರೀಕ್ಷೆಗೆ ಓದುವ ನನ್ನ ಮಗನಿಗೂ ನೋವು ಅದೇ ಜಾಗದಲ್ಲಿ.

ಅವರು ಕಲಿಸಿದ್ದು ಹೀಗೆ. ಟವೆಲನ್ನು ಮುಷ್ಟಿ ದಪ್ಪಕ್ಕೆ ಸುತ್ತಿ ನೆಲದ ಮೇಲೆ ಅಡ್ಡಕ್ಕೆ ಇಡಬೇಕು. ಮಂಡಿ ಮಡಚಿ, ಹಲಗೆ ಮೂಳೆಗಳ ಕೆಳತುದಿಯ ಮಟ್ಟಕ್ಕೆ ಟವೆಲ್ ಬರುವಂತೆ ಮಲಗಿ, ತಲೆಯನ್ನು ಕೈಗಳಲ್ಲಿ ಹೊತ್ತು, ಉಸಿರು ಬಿಡುತ್ತಾ ಮೆಲ್ಲಗೆ ಹಿಂದಕ್ಕೆ ಒರಗಬೇಕು. ಐದಾರು ಉಸಿರಾದ ಮೇಲೆ ಟವೆಲನ್ನು ಎರಡು ಬೆರಳಿನಷ್ಟು ಮೇಲಕ್ಕೆ ಸರಿಸಿ ಮತ್ತೆ ಅಷ್ಟೇ. ಸೊಂಟ ನೆಲದಿಂದ ಮೇಲೇಳಬಾರದು. ಎದ್ದರೆ ಬಾಗುತ್ತಿರುವುದು ಕೆಳಬೆನ್ನು, ಬೇಕಾದ ಜಾಗವಲ್ಲ. ಹಿತವಾದ ಎಳೆತ ಸರಿ, ಚುಚ್ಚಿದರೆ ಟವೆಲ್ ತೆಳ್ಳಗೆ ಮಾಡಬೇಕು. ಮೂಳೆ ಸವೆದ ವಯಸ್ಸಾದವರು ವೈದ್ಯರನ್ನು ಕೇಳದೆ ಇದನ್ನು ಮಾಡಲೇಬಾರದು.

ವ್ಯಾಯಾಮವೊಂದರಿಂದಲೇ ನನಗೆ ಗುಣ ಕಾಣಲಿಲ್ಲ. ತೊಡೆಯ ಮೇಲೆ ದಿಂಬು, ಅದರ ಮೇಲೆ ಬಟ್ಟೆ ಇಟ್ಟು ಹೆಮ್ಮಿಂಗನ್ನು ಎದೆಯ ಹತ್ತಿರ ತಂದುಕೊಂಡೆ. ಮೋಟಾರ್ ಮಿಷನ್ನಿನ ಕಾಲುಗಳ ಕೆಳಗೆ ಹಲಗೆ ಕೊಟ್ಟು, ಮೇಜು ಮೊಣಕೈಗಿಂತ ತುಸು ಮೇಲೆ ಬರುವ ಹಾಗೆ ಮಾಡಿಸಿದೆ. ಅದಕ್ಕಿಂತ ಎತ್ತರವಾದರೆ ಭುಜ ಕಿವಿಯತ್ತ ಏರಿ ಇನ್ನೊಂದು ನೋವು. ಪ್ರತಿ ತೋಳಿನ ಅಂಚು ಮುಗಿದಾಗ ಸೂಜಿ ಕೆಳಗಿಟ್ಟು ಎರಡೂ ಕಡೆ ತಿರುಗುತ್ತೇನೆ. ಉರಿ ಈಗಲೂ ಬರುತ್ತದೆ, ಆದರೆ ಸಂಜೆಗೆ, ಅದೂ ಕೆಲಸ ಹೆಚ್ಚಾದ ದಿನ.

ನಮ್ಮ ಕಸುಬಿನವರಿಗೆ ಇದೊಂದು ಮಾತು ಹೇಳಲೇಬೇಕು. ಕತ್ತು ಎತ್ತಿದಾಗ, ತಿರುಗಿಸಿದಾಗ ಇದೇ ಜಾಗ ಝುಮ್ಮೆಂದರೆ ಮೂಲ ಕುತ್ತಿಗೆಯಲ್ಲಿರಬಹುದು. ಜ್ವರ, ರಾತ್ರಿ ಮಲಗಿದರೂ ಬಿಡದ ನೋವು, ಕಾಲು ಜೋಮು ಇದ್ದರೆ ತಡಮಾಡದೆ ವೈದ್ಯರಿಗೆ ತೋರಿಸಿ. ನಡೆದಾಗ, ಮೆಟ್ಟಿಲು ಹತ್ತಿದಾಗ ನೋವು ಹೆಚ್ಚಾಗಿ ಜೊತೆಗೆ ಬೆವರು, ಉಸಿರುಗಟ್ಟುವಿಕೆ, ಎದೆಬಿಗಿತ ಬಂದರೆ ಟವೆಲ್ ಹುಡುಕಬೇಡಿ, ಹೃದಯದ ತೊಂದರೆಯಿರಬಹುದು. ಆ ಕ್ಷಣವೇ ಆಸ್ಪತ್ರೆಗೆ ಹೋಗಿ.